ಬಳ್ಳಿಯಂತೆ ಕಂಡ ಸಾಲು

ಭದ್ರಾವತಿಯ ಅತ್ತೆಯ ಮನೆಯಲ್ಲಿ ಮಾವ ಕೆಮ್ಮಿನ ಔಷಧಿ ಎಂದು ಸುರಿದುಕೊಂಡ ಮುಚ್ಚಳವನ್ನು ತುಟಿಗೆ ತಂದ ಗಳಿಗೆ ಈಗಲೂ ನನ್ನನ್ನು ಬಿಟ್ಟಿಲ್ಲ. ನಾನು ಕಾಫಿ ಕುಡಿಯುತ್ತಿದ್ದೆ. ಕರ್ಪೂರದ ವಾಸನೆ ಬಂತು. ಕೆಮ್ಮಿನ ಸಿರಪ್ಪಿನಲ್ಲಿ ಅಷ್ಟು ಕರ್ಪೂರ ಇರುವುದಿಲ್ಲ. ಎದ್ದು ಅವರ ಕೈಗೆ ಹೊಡೆದೆ. ಮಂಡಿಗೆ ಹಚ್ಚುವ ಎಣ್ಣೆ ನೆಲಕ್ಕೆ ಚೆಲ್ಲಿತು.

ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕುಲುಮೆ ನೋಡಿದ ಮಾವನಿಗೆ ಅವತ್ತು ನೆಗಡಿಯಿಂದ ಮೂಗು ಕಟ್ಟಿತ್ತು, ವಾಸನೆ ತಿಳಿದಿರಲಿಲ್ಲ. ಹೊಡೆದದ್ದಕ್ಕೆ ಮೊದಲು ಬೈದರು. ಆ ಎಣ್ಣೆ ಹೊಟ್ಟೆಗೆ ಹೋದರೆ ಫಿಟ್ಸ್ ಬರಬಹುದು ಎಂದಾಗ ಅತ್ತೆ ಎರಡೂ ಬಾಟಲಿ ತಂದು ನನ್ನ ಮುಂದಿಟ್ಟರು.

ಎಣ್ಣೆ, ಸಿರಪ್ ಎರಡೂ ಒಂದೇ ಕಂಪನಿಯವು. ಒಂದೇ ಕಂದು ಬಾಟಲಿ, ಒಂದೇ ಕಡು ಹಸಿರು ಲೇಬಲ್. ಆ ಲೇಬಲ್ ಮಾಡಿದವಳು ನಾನು, ಶಿವಮೊಗ್ಗದ ಪ್ರೆಸ್ಸಿನಲ್ಲಿ. ‘ಹೊರ ಉಪಯೋಗಕ್ಕೆ ಮಾತ್ರ’ ಎಂಬ ಸಾಲನ್ನು ಎಣ್ಣೆಯ ಲೇಬಲಿನ ಬುಡದಲ್ಲಿ, ಬಳ್ಳಿಯ ಅಂಚಿನ ಒಳಗೆ, ಚಿನ್ನದ ಬಣ್ಣದಲ್ಲಿ ಹಾಕಿದ್ದೆ. ಎಣ್ಣೆಯ ಬಾಟಲಿಯನ್ನು ಮಾವನಿಗೆ ಕೊಟ್ಟು ಓದಲು ಹೇಳಿದೆ. ಕನ್ನಡಕ ಹಾಕಿಕೊಂಡು ಕಿಟಕಿಯ ಹತ್ತಿರ ಹೋಗಿ ತಿರುಗಿಸಿ ತಿರುಗಿಸಿ ನೋಡಿದರು.

“ಇಲ್ಲೇನೂ ಬರ್ದಿಲ್ವಲ್ಲ ಮಾರಾಯ್ತಿ. ಸುತ್ತ ಬಳ್ಳಿ ಚಿತ್ರ ಇದೆ ಅಷ್ಟೇ.”

ನಮ್ಮಲ್ಲಿ ಲೇಬಲನ್ನು ಪಾಸ್ ಮಾಡುವುದು ಕಂಪ್ಯೂಟರಿನ ಪರದೆಯ ಮೇಲೆ, ನಾಲ್ಕು ಪಟ್ಟು ದೊಡ್ಡದು ಮಾಡಿಕೊಂಡು. ಅಲ್ಲಿ ಎಲ್ಲವೂ ಚೆನ್ನಾಗಿ ಕಾಣುತ್ತಿತ್ತು. ಅಚ್ಚಿನಲ್ಲಿ ಚಿನ್ನದ ಶಾಯಿ ಹರಡಿ ಸಣ್ಣ ಅಕ್ಷರಗಳ ಒಳಗಿನ ಜಾಗ ಮುಚ್ಚಿಹೋಗಿತ್ತು, ಒತ್ತಕ್ಷರಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಚಿನ್ನದ ಬಣ್ಣ ಬೆಳಕಿಗೆ ಹೊಳೆದು ಉಳಿದದ್ದನ್ನೂ ನುಂಗಿತ್ತು. ಸಾಲು ಇರಬೇಕೆಂಬ ನಿಯಮ ಪಾಲಿಸಿದ್ದೆ. ಯಾರಾದರೂ ಓದಬೇಕೆಂಬುದು ನನ್ನ ತಲೆಗೇ ಬಂದಿರಲಿಲ್ಲ.

ಮರುವಾರ ಆರು ಮಾದರಿಗಳನ್ನು ನಿಜವಾದ ಅಳತೆಯಲ್ಲೇ ಅಚ್ಚು ಹಾಕಿಸಿ, ಬಾಟಲಿಗೆ ಅಂಟಿಸಿ, ಅತ್ತೆಯ ಅಡುಗೆಮನೆಯ ಬಲ್ಬಿನ ಕೆಳಗೆ ಒಂದೊಂದೇ ಹಿಡಿದೆ. ಬಳ್ಳಿ ತೆಗೆದು, ಹೊಳಪಿಲ್ಲದ ಬಿಳಿ ಕಾಗದದ ಮೇಲೆ ಕಪ್ಪು ಶಾಯಿ, ಅಗಲವಾದ ಸರಳ ಅಕ್ಷರ, ಸಾಲುಗಳ ನಡುವೆ ಒತ್ತಕ್ಷರಗಳಿಗೆ ಜಾಗ. ಐದನೆಯದನ್ನು ಮಾವ ತಡವರಿಸದೆ ಓದಿದರು. ಆರನೆಯದು ಇನ್ನೂ ದೊಡ್ಡದಿತ್ತು. ಅದನ್ನು ಅತ್ತೆ ಒಲೆಯ ಹತ್ತಿರದಿಂದಲೇ ಓದಿದರು. ಅದನ್ನೇ ಆರಿಸಿದೆ. ಅಂದ ಕೆಟ್ಟಿತು ಎಂದು ಗೊಣಗುತ್ತಲೇ ಕಂಪನಿಯವರು ಒಪ್ಪಿದರು.

ಆದರೆ ಹಳೆಯ ಬಾಟಲಿಗಳು ಆಗಲೇ ಅಂಗಡಿ ಸೇರಿದ್ದವು. ಎಚ್ಚರಿಕೆಯ ಚೀಟಿಗಳ ಕಟ್ಟು ಹಿಡಿದು ಒಂದೊಂದೇ ಮೆಡಿಕಲ್ ಸ್ಟೋರಿಗೆ ಹೋಗಿ ಬಾಟಲಿಗಳ ಮೇಲೆ ಅಂಟಿಸಿದೆ. ಆಯನೂರಿನ ಅಂಗಡಿಯಲ್ಲಿ ಒಂದು ಬಾಟಲಿಯೂ ಉಳಿದಿರಲಿಲ್ಲ. ಯಾರು ಕೊಂಡರು ಎಂದು ಅಂಗಡಿಯವನನ್ನು ಕೇಳಿದೆ.

“ವಯಸ್ಸಾದವ್ರೇ ಮೇಡಂ, ಮಂಡಿ ನೋವಿಗೆ. ಎಲ್ಲೆಲ್ಲಿಯವ್ರೋ, ಹೆಂಗೆ ಹೇಳ್ಲಿ?”

ಯಾರಾದರೂ ಆ ಬಾಟಲಿ ತಂದರೆ ಅಂಟಿಸಿ ಎಂದು ಒಂದಷ್ಟು ಚೀಟಿ ಅವನ ಕೈಗೆ ಕೊಟ್ಟು ಬಂದೆ. ಇದುವರೆಗೆ ಯಾರೂ ಬಾಟಲಿ ವಾಪಸು ತಂದಿಲ್ಲ.