ಭೂತಪ್ಪನ ಫಿಲ್ಟರ್ ರಿಪೇರಿ

ನೀರಿನ ವಿಷಯದಲ್ಲಿ ಕಾರ್ಗಲ್ ಕಾಲನಿಯವರಿಗೆಲ್ಲ ಬುದ್ಧಿ ಹೇಳುವ ಹಕ್ಕು ತನಗಿದೆ ಎಂದು ಭೂತಪ್ಪ ನಂಬಿದ್ದ. ವಿದ್ಯುದಾಗಾರದಲ್ಲಿ ಟರ್ಬೈನ್ ನೋಡಿಕೊಳ್ಳುವ ಕೆಲಸ, ಮನೆಯಲ್ಲಿ ಗೋಲ್ಡ್ ಫಿಶ್ ಸಾಕುವ ಹುಚ್ಚು. ಯಾರ ಅಕ್ವೇರಿಯಂ ಕೆಟ್ಟರೂ ಕರೆಯದೆ ಹೋಗಿ ಉಪದೇಶ ಮಾಡಿ, ಕಾಫಿ ಕುಡಿದು ಬರುತ್ತಿದ್ದ. ಪಕ್ಕದ ಮನೆಯ ಪುಷ್ಪಮ್ಮ ಮಗಳ ಬಾಣಂತನಕ್ಕೆ ಹುಂಚಕ್ಕೆ ಹೊರಟಾಗ ತಮ್ಮ ಮೀನುಗಳನ್ನು ನಂಬಿಕೆಯಿಂದ ಅವನ ತೊಟ್ಟಿಗೇ ಬಿಟ್ಟು ಹೋದರು.

ಅತಿಥಿ ಸತ್ಕಾರವೆಂದು ಭೂತಪ್ಪ ಎರಡರಷ್ಟು ತಿಂಡಿ ಹಾಕಿದ. ತೊಟ್ಟಿಯ ಕೆಳಗಿನ ಕಪಾಟಿನಲ್ಲಿದ್ದ ಡಬ್ಬಿ ಫಿಲ್ಟರಿನಿಂದ ಮೇಲೆ ಬರುವ ನೀರಿನ ಧಾರೆ ವಾರದಿಂದ ವಾರಕ್ಕೆ ಸಣ್ಣದಾಗತೊಡಗಿತು, ಒಳಗಿನಿಂದ ಕರಕರ ಸದ್ದೂ ಶುರುವಾಯಿತು. ಅವನು ವೋಲ್ಟೇಜನ್ನು ಬೈದ. ತಾನು ದುಡಿಯುವ ಇಲಾಖೆಯನ್ನೇ ಬೈಯುತ್ತಿದ್ದೇನೆಂದು ಆಮೇಲೆ ಹೊಳೆದು ಸುಮ್ಮನಾದ.

ಒಂದು ಭಾನುವಾರ ಹೆಂಡತಿ ಸುಪ್ರಿಯಾ ಕರೆದಳು. "ಮೀನೆಲ್ಲ ಮೇಲ್ ಬಂದು ಬಾಯ್ ಬಿಡ್ತಾ ಇದಾವೆ. ನಾಳೆ ಪುಷ್ಪಕ್ಕ ಬಂದ್ರೆ ಎಂತ ಹೇಳ್ತೀರಿ?"

ಭೂತಪ್ಪ ಮೊದಲು ಗಾಳಿ ಪಂಪು ಹಚ್ಚಿದ. ತೊಟ್ಟಿಯ ಸ್ವಲ್ಪ ನೀರನ್ನು ಬಕೆಟ್ಟಿಗೆ ತೆಗೆದು, ಪ್ಲಗ್ ಕಿತ್ತು ಫಿಲ್ಟರ್ ಬಿಚ್ಚಿದ. ಸ್ಪಂಜು ಗೊಬ್ಬರಗುಂಡಿಯಂತೆ ನಾರುತ್ತಿತ್ತು, ಸೆರಾಮಿಕ್ ಬಿಲ್ಲೆಗಳ ಮೇಲೆ ಕಂದು ಲೋಳೆ. ನಲ್ಲಿಯ ಕ್ಲೋರಿನ್ ತಗುಲಿದರೆ ಕೊಳೆ ತಿನ್ನುವ ಸೂಕ್ಷ್ಮಜೀವಿಗಳು ಸಾಯುತ್ತವೆಂದು ಊರಿಗೆಲ್ಲ ಹೇಳಿದವನಾದ್ದರಿಂದ ಎಲ್ಲವನ್ನೂ ಬಕೆಟ್ಟಿನ ನೀರಿನಲ್ಲೇ ಅದ್ದಿ ಹಿಂಡಿದ. ಜೋಡಿಸಿ ಚಾಲೂ ಮಾಡಿದರೆ ನೀರು ಅಷ್ಟಿಷ್ಟು ಹೆಚ್ಚಿತು. ಒಳಗೆ ಕರಕರ ಸದ್ದು ಮಾತ್ರ ಹಾಗೇ ಇತ್ತು.

ಮತ್ತೆ ಬಿಚ್ಚಿ, ಈ ಸಲ ಮೋಟಾರಿನ ಮುಚ್ಚಳವನ್ನೂ ತೆಗೆದ. ನೀರು ತಳ್ಳುವ ಹೆಬ್ಬೆರಳು ಗಾತ್ರದ ಚಕ್ರ, ಇಂಪೆಲ್ಲರಿಗೆ ತೊಟ್ಟಿಯ ಗಿಡದ ಬೇರಿನ ಎಳೆಗಳು ಸುತ್ತಿಕೊಂಡು, ಅದರ ಅಯಸ್ಕಾಂತಕ್ಕೆ ಲೋಳೆ ಮೆತ್ತಿತ್ತು. ಆಳೆತ್ತರದ ಟರ್ಬೈನಿನ ಸದ್ದು ಕೇಳಿಯೇ ರೋಗ ಹೇಳುವ ತಾನು ಇದನ್ನು ಇಷ್ಟು ವಾರ ಕೇಳಿಯೂ ಕೇಳಲಿಲ್ಲವಲ್ಲ ಎಂದು ಅವನಿಗೆ ನಗು ಬಂತು. ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಇಂಪೆಲ್ಲರನ್ನೂ ಅದು ಕೂರುವ ಗುಳಿಯನ್ನೂ ತಿಕ್ಕಿ ಕೂರಿಸಿದ. ಸದ್ದು ನಿಂತಿತು. ನೀರು ಇನ್ನೂ ಮೊದಲಿನಷ್ಟಿಲ್ಲ.

ಒದ್ದೆ ನೆಲ ಒರೆಸುತ್ತಿದ್ದ ಸುಪ್ರಿಯಾ ಕಪಾಟಿನ ಹಿಂದೆ ಬಗ್ಗಿ ನೋಡಿದಳು. "ಪೈಪ್ ಮಡಚ್ಕಂಡಿದೆ ನೋಡಿ ಇಲ್ಲಿ."

ಚಂದ ಕಾಣಲೆಂದು ಉದ್ದದ ಪೈಪನ್ನು ಗೋಡೆಯ ಸಂದಿಗೆ ತುರುಕಿದವನು ಭೂತಪ್ಪನೇ. ಬರಬರುತ್ತ ಅದು ಒಂದು ಕಡೆ ಚಪ್ಪಟೆಯಾಗಿತ್ತು. ಮಡಚಿದ ತುಂಡನ್ನು ಕತ್ತರಿಸಿ, ಉಳಿದದ್ದನ್ನು ಅಗಲವಾಗಿ ಬಾಗಿಸಿ ಸಿಕ್ಕಿಸಿದ. ನೀರು ಭರ್ರೆಂದು ಬಂತು. ಸಂಜೆಯ ಹೊತ್ತಿಗೆ ಮೀನುಗಳು ಕೆಳಗಿಳಿದು ಕಲ್ಲು ಮೂಸುತ್ತಿದ್ದವು.

ಮರುದಿನ ಪುಷ್ಪಮ್ಮ ಬಂದು ಮೀನು ದಪ್ಪಗಾಗಿವೆ ಎಂದು ಹೊಗಳಿದರು. ಹೊಗಳಿಕೆ ತಡೆಯಲಾರದೆ ಭೂತಪ್ಪ ನಡೆದದ್ದನ್ನೆಲ್ಲ ಹೇಳಿಬಿಟ್ಟ. ಅವರು ಬಾಗಿಲವರೆಗೆ ಹೋಗಿ ತಿರುಗಿದರು.

"ನಮ್ಮನೆ ಫಿಲ್ಟರ್ ಸ್ವಲ್ಪ ನೋಡ್ಕೊಡು ಭೂತಪ್ಪ. ಬರೋವಾಗ ಸುಪ್ರಿಯಾನ್ನೂ ಕರ್ಕಂಡು ಬಾ."