ಕೆರೆ ಏರಿ ಒಡೆದರೆ ಮಾತ್ರ ಕರಿ

ತಿಪಟೂರಿನ ಆ ಎಂಜಿನಿಯರ್ ಆಫೀಸಿಗೆ ಗೋಡೆ ಎಂಬುದು ಹೊರಗಡೆ ಮಾತ್ರ. ಒಳಗೆ ಒಂದೇ ಹಜಾರ. ಗುಮಾಸ್ತರು, ಟೈಪಿಸ್ಟು, ಗುತ್ತಿಗೆದಾರರು, ಬೀಡಿ ಹೊಗೆ, ಎಲ್ಲ ಒಟ್ಟಿಗೆ. ಸಾಹೇಬರ ಮೇಜೂ ಅಲ್ಲೇ ಮೂಲೆಯಲ್ಲಿ. ಟೆಲಿಫೋನ್ ಬಡಿದುಕೊಂಡರೆ ಎಲ್ಲರ ತಲೆಯೂ ಮೇಲೇಳುತ್ತಿತ್ತು.

ಆ ಸಂತೆಯೊಳಗೆ ಕೂತು ಹುಚ್ಚರಂಗಯ್ಯ ಕೆರೆ ದುರಸ್ತಿಗಳ ಅಂದಾಜುಪಟ್ಟಿ ಮಾಡಬೇಕು. ಎಷ್ಟು ಮಣ್ಣು, ಎಷ್ಟು ಕಲ್ಲು, ಎಲ್ಲ ಕೈಲೇ ಗುಣಿಸಿ ಕೂಡಬೇಕು. ಮಧ್ಯದಲ್ಲಿ ಯಾರಾದರೂ "ಊಟ ಆಯ್ತೇನ್ರೀ?" ಎಂದರೆ ಮುಗಿಯಿತು, ಮತ್ತೆ ಮೇಲಿನಿಂದ. ಹುಳಿಯಾರಿನ ಕಡೆಯ ಒಂದು ಕೆರೆಯ ಪಟ್ಟಿ ಲೆಕ್ಕ ತಪ್ಪಿದೆಯೆಂದು ತುಮಕೂರಿನ ದೊಡ್ಡ ಆಫೀಸಿನಿಂದ ವಾಪಸ್ಸು ಬಂದ ದಿನ ಅವನು ಸಾಹೇಬರ ಮುಂದೆ ನಿಂತ.

"ಬೆಳಗ್ಗೆ ಎರಡು ತಾಸು ನನ್ನ ಬುಟ್ಬುಡಿ ಸಾರ್. ಮೀಟಿಂಗು ಬ್ಯಾಡ, ಫೋನು ಬ್ಯಾಡ. ದಿನಾ ಅದೇ ಹೊತ್ತು. ಮಿಕ್ಕಿದ್ದೆಲ್ಲ ಮಧ್ಯಾಹ್ನ ನೋಡ್ತೀನಿ."

"ಬಂದೋರಿಗೆ ಯಾರಪ್ಪ ಹೇಳೋದು?" ಎಂದರು ಸಾಹೇಬರು.

"ನಾನ್ ಹೇಳ್ತೀನಿ ಬುಡಿ ಸಾರ್" ಎಂದಳು ಬಾಗಿಲ ಪಕ್ಕದ ಮೇಜಿನ ಸರ್ವಮಂಗಳ. ಅರಳಗುಪ್ಪೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹೊಸ ಗುಮಾಸ್ತೆ. ಯಾರೂ ಅವಳನ್ನು ಕೇಳಿರಲಿಲ್ಲ. ಅಯ್ಯೋ, ಆ ಹುಡುಗಿ ಆವತ್ತು ಸುಮ್ಮನೆ ಬಾಯಿ ಮುಚ್ಚಿಕೊಂಡಿದ್ದಿದ್ದರೆ!

ಹುಚ್ಚರಂಗಯ್ಯ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡ. "ಕೆರೆ ಏರಿ ಒಡೆದ್ರೆ ಮಾತ್ರ ಕರಿ ಕಣಮ್ಮ" ಎಂದ. ಅವಳು ನಕ್ಕಳು.

ಅಂದಿನಿಂದ ಬಂದವರನ್ನೆಲ್ಲ ಅವಳು ಬಾಗಿಲಲ್ಲೇ ತಡೆದಳು. ಯಾರ ಊರು, ಏನು ಕೆಲಸ ಎಂದು ಚೀಟಿಯಲ್ಲಿ ಬರೆದಿಟ್ಟು, ಅವನು ಕುರ್ಚಿ ಮತ್ತೆ ಈಚೆ ತಿರುಗಿಸಿದ ಮೇಲೆ ಒಟ್ಟಿಗೆ ಕೊಡುತ್ತಿದ್ದಳು. ತಾವೇ ಒಪ್ಪಿದ್ದನ್ನು ವಾರದೊಳಗೆ ಮರೆತು "ರಂಗಯ್ಯಾ!" ಎಂದು ಕೂಗುವ ಸಾಹೇಬರಿಗೂ "ಮಧ್ಯಾಹ್ನ ಬತ್ತಾರೆ ಸಾರ್" ಎಂದು ಅವಳೇ ಹೇಳಬೇಕು. ಪಟ್ಟಿಗಳು ತಪ್ಪಿಲ್ಲದೆ ಹೋದವು, ಏರಿಗಳು ಎದ್ದವು. ಹುಚ್ಚರಂಗಯ್ಯನಿಗೆ ಎಲ್ಲರಿಂದ ಶಹಭಾಸ್. ಅವಳಿಗೆ ಮಾತ್ರ ತಾನು ಬರೆಯಬೇಕಾದ ಆಫೀಸಿನ ಪತ್ರಗಳ ಒಂದು ಸಾಲನ್ನೂ ಒಂದೇ ಉಸಿರಿನಲ್ಲಿ ಬರೆದ ನೆನಪಿರಲಿಲ್ಲ.

ಹೀಗೇ ವರ್ಷಗಳು ಕಳೆದವು. ಸರ್ವಮಂಗಳಳಿಗೆ ಬಡ್ತಿ ಸಿಗಬೇಕಾದರೆ ಇಲಾಖೆಯ ಲೆಕ್ಕದ ಪರೀಕ್ಷೆ ಪಾಸಾಗಬೇಕಿತ್ತು. ಮನೆಯಲ್ಲಿ ದನ, ಕೊಟ್ಟಿಗೆ, ಹಾಸಿಗೆ ಹಿಡಿದ ಅಮ್ಮ; ಅಲ್ಲಿ ಓದು ಎಲ್ಲಿಯದು? ಕೊನೆಗೊಂದು ದಿನ ಅವಳು ಹುಚ್ಚರಂಗಯ್ಯನ ಮುಂದೆ ನಿಂತಳು.

"ಅಣ್ಣಾ, ನಂಗೂ ಒಂದು ತಾಸು ಬೇಕು. ಊಟದ ಹೊತ್ತು ಕಳೆದ್ಮೇಲೆ. ಸಾಹೇಬ್ರು ಒಪ್ಪವ್ರೆ. ಅಷ್ಟೊತ್ತು ನನ್ನ ಬಾಗಿಲು ನೀವು ನೋಡ್ಕೊಳ್ತೀರಾ?"

ಹುಚ್ಚರಂಗಯ್ಯನ ಮುಖ ಬಾಡಿತು. ಇಷ್ಟು ವರ್ಷ ಇದು ತನಗೆ ಹೊಳೆಯಲೇ ಇಲ್ಲವಲ್ಲ! "ಇದನ್ನೂ ಕೇಳ್ಬೇಕೇನಮ್ಮ?" ಎಂದ.

ಅವಳು ಕುರ್ಚಿಯನ್ನು ಗೋಡೆಗೆ ತಿರುಗಿಸಿ ಕೂತಳು. ಅವನು ಬಾಗಿಲಲ್ಲಿ ಕೂತ. ಬಿಳಿಗೆರೆಯ ರೈತ ಲಕ್ಕಯ್ಯ ಒಳಗೆ ಬಂದ, ಹುಚ್ಚರಂಗಯ್ಯನನ್ನು ದಾಟಿ ನೇರ ಅವಳ ಬೆನ್ನ ಹಿಂದೆ ನಿಂತ.

"ಲಕ್ಕಯ್ಯನೋರೇ, ನನ್ ಕೇಳಿ" ಎಂದ ಹುಚ್ಚರಂಗಯ್ಯ.

"ನಿಮಗೇನ್ ಗೊತ್ತು ಬುಡಿ ಸ್ವಾಮಿ. ಅವ್ವಾ, ನಮ್ ತೂಬಿನ ಕಾಗದ ಎಲ್ಲೈತವ್ವ?"

ಅವಳು ತಿರುಗಿದಳು, ಹೇಳಿದಳು. ಮಾರನೆಯ ದಿನ ಹುಚ್ಚರಂಗಯ್ಯ ಎದ್ದು ಕೈ ಅಡ್ಡ ಹಿಡಿದು ನಿಂತ, ಬಂದವರೊಂದಿಗೆ ಜಗಳವನ್ನೂ ಆಡಿದ. ಕೊನೆಗೆ ಜನ ಬಾಗಿಲಲ್ಲೇ ನಿಂತರು. ಆದರೆ ಅವಳೇ ನಿಲ್ಲಲಿಲ್ಲ. ಚಪ್ಪಲಿ ಸದ್ದಾದರೆ ಕತ್ತು ತಿರುಗುತ್ತಿತ್ತು. ಲೆಕ್ಕದ ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಮನಸ್ಸು ಬಾಗಿಲಿಗೆ ಹೋಗಿರುತ್ತಿತ್ತು. ಯಾರೂ ಬರದಿದ್ದರೂ ಹೋಗಿರುತ್ತಿತ್ತು.

"ನನ್ ತಲೆಗೇನಾಗೈತೋ ಕಾಣೆ ಅಣ್ಣಾ" ಎಂದು ಒಂದು ಸಂಜೆ ಅತ್ತಳು.

ತುಮಕೂರಿನಲ್ಲಿ ಪರೀಕ್ಷೆ. ಪರೀಕ್ಷೆಯ ಹಜಾರವೆಲ್ಲ ಮೌನ. ಅಂಥ ಮೌನ ಅವಳಿಗೆ ಸಿಕ್ಕಿ ಎಷ್ಟು ಕಾಲವಾಗಿತ್ತೋ. ಪೆನ್ನು ಓಡಿತು, ದೊಡ್ಡ ಲೆಕ್ಕ ಅರ್ಧಕ್ಕೆ ಬಂತು, ಇನ್ನೇನು ದಡ ಕಾಣುತ್ತಿತ್ತು. ಅಷ್ಟರಲ್ಲಿ ನೀರಿನ ಬಿಂದಿಗೆ ಹಿಡಿದು ಜವಾನನೊಬ್ಬ ಬಾಗಿಲಲ್ಲಿ ಬಂದು ನಿಂತ.

ಸರ್ವಮಂಗಳ ಎದ್ದು ನಿಂತಳು. "ಯಾರ್ ಬೇಕಾಗಿತ್ತು?"

ಹಜಾರವೆಲ್ಲ ಗೊಳ್ಳೆಂದಿತು. ಅವಳು ಕೂತಳು. ಲೆಕ್ಕ ಎಲ್ಲಿಗೆ ಬಂದಿತ್ತೋ ಸಿಗಲಿಲ್ಲ. ಮೇಲಿನಿಂದ ಶುರು ಮಾಡಿದಳು, ಮತ್ತೆ ತಪ್ಪಿತು. ಗಂಟೆ ಹೊಡೆಯಿತು.

ಅವಳ ಹೆಸರಿಲ್ಲದ ಫಲಿತಾಂಶ ಬಂದ ದಿನ ಹುಚ್ಚರಂಗಯ್ಯ ತನ್ನ ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿದ. ಅದನ್ನು ಮತ್ತೆಂದೂ ಗೋಡೆಗೆ ತಿರುಗಿಸಲಿಲ್ಲ.

"ಯಾಕಣ್ಣಾ, ಇವತ್ತು ಕೆಲಸ ಇಲ್ವಾ?" ಎಂದಳು ಅವಳು.

"ಐತೆ ಕಣಮ್ಮ. ಇಷ್ಟು ದಿನ ನಿನ್ ಕೆರೆ ಏರಿ ಒಡೀತಾ ಇತ್ತು. ನೀನು ಕರೀಲಿಲ್ಲ."

ಅವಳು ಉತ್ತರ ಕೊಡುವಷ್ಟರಲ್ಲಿ ಯಾರೋ ಒಳಗೆ ಬಂದರು. ಅವಳು ಎದ್ದಳು.