ಎಡಕ್ಕೆ ಯಾಕೆ ತಿರುಗಿಸಲಿಲ್ಲ

ನನ್ನ ಗಂಡ ಬೆಟಗೇರಿಯಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದರು. ಗೇರು, ಕ್ಲಚ್ಚು ಯಾರು ಬೇಕಾದರೂ ಕಲಿಸುತ್ತಾರೆ, ಇವರು ಕಲಿಸುತ್ತಿದ್ದುದು ಅನುಮಾನ. ಎದುರಿನವನು ತಪ್ಪು ಮಾಡಿಯೇ ಮಾಡುತ್ತಾನೆ ಎಂದು ನಂಬಿಕೊಂಡು ಹೊರಡಬೇಕು, ಮಾಡದಿದ್ದರೆ ಅವನ ಪುಣ್ಯ. ಮುಂದಿನ ಗಾಡಿಗೂ ನಿಮಗೂ ನಡುವೆ ಜಾಗ ಬಿಡಬೇಕು, ಮಳೆ ಬಂದರೆ ಇನ್ನಷ್ಟು ಬಿಡಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ತಪ್ಪಿಸಿಕೊಳ್ಳಲು ಒಂದು ಹಾದಿಯನ್ನು ಮೊದಲೇ ಕಣ್ಣಲ್ಲಿ ಹಿಡಿದಿಟ್ಟಿರಬೇಕು. ಮದುವೆ ಪಂಗತಿಯಲ್ಲೂ ಈ ಮನುಷ್ಯ ಬಾಗಿಲ ಹತ್ತಿರದ ಎಲೆಗೇ ಕೂರುತ್ತಿದ್ದರು. ನಾನು ಎಷ್ಟೋ ಸಲ ನಾಚಿಕೆಯಿಂದ ಸತ್ತಿದ್ದೇನೆ.

ಇವರು ಬಿಟ್ಟ ಜಾಗದಲ್ಲಿ ಯಾವನೋ ಬೈಕಿನವನು ತೂರಿಕೊಂಡರೆ ಮತ್ತೆ ವೇಗ ಇಳಿಸಿ ಇನ್ನೊಂದಿಷ್ಟು ಜಾಗ ಬಿಡುತ್ತಿದ್ದರು. ಓಣಿಯವರು ನಗುತ್ತಿದ್ದರು. "ನಿಮ್ಮ ಗಾಡಿ ಮುಂದ ಒಂದು ಮೆರವಣಿಗಿ ಹೊಂಟ್ರೂ ಜಾಗಾ ಉಳೀತೈತ್ರಿ" ಎಂದರೆ, "ಹೋಗ್ಲಿ ಬಿಡ್ರಿ, ಜಾಗಾ ಏನ ನಂದಲ್ಲ. ಬಿಡೂದಷ್ಟ ನಂದು" ಎನ್ನುತ್ತಿದ್ದರು.

ಹೆಸರುಕಾಳಿನ ಸುಗ್ಗಿಯಲ್ಲಿ, ಒಂದು ಮಧ್ಯಾಹ್ನ, ಮುಂಡರಗಿಗೆ ಹೋಗುವಾಗ ಡೋಣಿ ಎಂಬ ಊರಿನ ಹತ್ತಿರ ಎದುರಿನಿಂದ ಬಂದ ಲಾರಿ ಇವರ ಕಡೆಗೇ ನುಗ್ಗಿ ಹೊಡೆಯಿತು. ಸ್ಕೂಲಿನ ಕಾರಿನಲ್ಲಿ ಇವರೊಬ್ಬರೇ ಇದ್ದರು. ಸ್ಟೇರಿಂಗ್ ಎಳೆಯಿತು ಎಂದು ಲಾರಿಯವನು ಹೇಳಿದ. ತಪ್ಪು ಅವನದೇ ಎಂದು ಎಲ್ಲರೂ ಒಪ್ಪಿದರು.

ಒಪ್ಪಿದರು, ಆದರೆ ಅಷ್ಟಕ್ಕೇ ಬಿಡಲಿಲ್ಲ. ಜಾಗ ನೋಡಿ ಬಂದಿದ್ದ ನನ್ನ ಭಾವ, ಇವರ ಅಣ್ಣ, ಮಣ್ಣು ಮಾಡಿ ಬಂದ ಸಂಜೆಯೇ ಪಡಸಾಲೆಯಲ್ಲಿ ಕೂತು, "ಎಡಕ್ಕ ರಸ್ತೆ ಬಾಜೂಕ ಬಯಲ ಐತಿ. ಗಟ್ಟಿ ನೆಲ. ಎಡಕ್ಕ ಯಾಕ ತಿರುಗಿಸಲಿಲ್ಲ?" ಎಂದರು. ಉತ್ತರವನ್ನೂ ಅವರೇ ಕೊಟ್ಟುಕೊಂಡರು. "ತೂಕಡಿಸಿರಬೇಕು. ಊಟದ ಹೊತ್ತು."

ಆ ಮಾತು ಪಡಸಾಲೆಯಿಂದ ಓಣಿಗೆ, ಓಣಿಯಿಂದ ಗದಗಿನ ಪೇಟೆಗೆ ಹೋಯಿತು. ಕಲಿಸೋ ಮಾಸ್ತರನೇ ಮಲಗಿಬಿಟ್ಟ ಎಂದು. ಊರ ಬಾಯಿಗೆ ಮುಚ್ಚಳ ಎಲ್ಲಿಂದ ತರೋಣ. ಸ್ಕೂಲಿಗೆ ಕಲಿಯುವವರು ಬರುವುದು ಕಡಿಮೆಯಾಯಿತು.

ನನಗೆ ಅಳು ಬರಲಿಲ್ಲ. ಅಳು ಬರಲಿ ಎಂದು ಕಾದವರಿಗೆ ಚಹಾ ಮಾಡಿಕೊಟ್ಟೆ. ರೊಟ್ಟಿ ಬಡಿದೆ, ಬಟ್ಟೆ ಒಗೆದೆ. ಕೈಗೆ ಬಿಸಿ ತಾಗಿದರೂ ಯಾರದೋ ಕೈ ಅನ್ನಿಸುತ್ತಿತ್ತು. ತಲೆಯೊಳಗೆ ಒಂದೇ ಪ್ರಶ್ನೆ ಉಳಿದಿತ್ತು, ಅದೂ ಭಾವನ ಪ್ರಶ್ನೆ. ಪಂಗತಿಯಲ್ಲೂ ಹಾದಿ ಹುಡುಕುವ ಮನುಷ್ಯ ಬಯಲಿನ ಪಕ್ಕದಲ್ಲಿ ಹಾದಿ ಹಿಡಿಯಲಿಲ್ಲವೆಂದರೆ ಮಲಗಿಯೇ ಇರಬೇಕು. ಲೆಕ್ಕ ಸರಿಯಾಗಿತ್ತು. ಸರಿಯಾಗಿದ್ದುದಕ್ಕೇ ನನಗೆ ಬೇಡವಾಗಿತ್ತು. ಅವರು ಎಚ್ಚರ ಇದ್ದರು ಎಂದು ಯಾರಾದರೂ ಹೇಳಿದರೆ ಸಾಕು, ನನಗೆ ಬೇರೇನೂ ಬೇಕಿರಲಿಲ್ಲ.

ಸ್ಕೂಲಿನಲ್ಲಿ ಇವರ ಜೊತೆಗೆ ಒಬ್ಬ ಹಿರಿಯರು ಪಾಲುದಾರರಾಗಿದ್ದರು. ಒಂದು ದಿನ ಮನೆಗೆ ಬಂದು ಹೊಸ್ತಿಲ ಹತ್ತಿರವೇ ನಿಂತು, "ತಂಗೆವ್ವಾ, ಹೆಣ್ಣಮಕ್ಕಳಿಗೆ ಕಲಸಾಕ ಒಬ್ಬಾಕಿ ಬೇಕು. ನೀ ಬಾ. ಮೊದಲ ನೀ ಕಲಿ" ಎಂದರು. ಆಗಲಿ ಎಂದೆ. ಸಾಯಿ ಎಂದಿದ್ದರೂ ಅದೇ ದನಿಯಲ್ಲಿ ಆಗಲಿ ಎನ್ನುತ್ತಿದ್ದೆನೇನೋ.

ಲಕ್ಷ್ಮೇಶ್ವರದ ರಸ್ತೆಯಲ್ಲಿ, ಶಿರಹಟ್ಟಿಯ ರಸ್ತೆಯಲ್ಲಿ ಕಲಿತೆ. ಪಕ್ಕದಲ್ಲಿ ಕೂತ ಹಿರಿಯರ ಕಾಲಡಿಗೆ ಇನ್ನೊಂದು ಬ್ರೇಕ್ ಇತ್ತು, ಅವರು ಅದನ್ನು ತುಳಿದಿದ್ದು ಕಡಿಮೆ. ಕಂಡದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತ ಓಡಿಸಬೇಕು, ಅದು ನನ್ನ ಗಂಡನದೇ ಪದ್ಧತಿ. ನಿಂತ ಬಸ್ಸು, ಅದರ ಮುಂದಿನಿಂದ ಯಾರಾದರೂ ದಾಟಬಹುದು. ಎಮ್ಮೆ, ಹಿಂದೆ ಇನ್ನೊಂದು ಬರಬಹುದು. ನಡುನಡುವೆ ಹಿರಿಯರು "ಹಾದಿ ಎಲ್ಲಿ?" ಎಂದು ಕೇಳುತ್ತಿದ್ದರು. "ಎಡಕ್ಕ ಐತ್ರಿ", "ಎಡಕ್ಕ ಇಲ್ರಿ, ಕಾಲುವಿ ಐತಿ, ಇಲ್ಲಿ ಸಾವಕಾಶ ಹೋಗಬೇಕ್ರಿ" ಎಂದು ನಾನು ಹೇಳಬೇಕು. ಹಾದಿ ಇಲ್ಲದ ಕಡೆ ವೇಗ ಇಳಿಯಲೇಬೇಕು. ಈ ಕೆಲಸ ನನಗೆ ಒಗ್ಗಿತು. ಏನೂ ಅನ್ನಿಸದವಳಿಗೆ ಕಣ್ಣಿಗೆ ಕಂಡದ್ದನ್ನು ಹೇಳುವುದೇನು ಕಷ್ಟ?

ಮುಂಡರಗಿ ರಸ್ತೆಗೆ ಮಾತ್ರ ಅವರು ಕರೆದೊಯ್ಯಲಿಲ್ಲ. ಮತ್ತೆ ಹೆಸರಿನ ಸುಗ್ಗಿ ಬಂದಾಗ ನಾನೇ ಕೇಳಿದೆ. "ಖರೇನ ಹೋಗೂದೇನವ್ವಾ?" ಎಂದರು. ಹೋಗೋಣ ಎಂದೆ.

ಡೋಣಿ ಹತ್ತಿರ ಬಂತು. ರಸ್ತೆಯ ಬಲ ಅರ್ಧದ ಮೇಲೆ ಉದ್ದಕ್ಕೂ ಹೆಸರಿನ ಗಿಡ ಹಾಸಿದ್ದರು, ಸುತ್ತ ಕಲ್ಲು ಇಟ್ಟಿದ್ದರು. ನಮ್ಮ ಕಡೆ ಇದು ಹೊಸದಲ್ಲ. ಕಣ ಮಾಡುವ ತೊಂದರೆ ಯಾರಿಗೆ ಬೇಕು, ಗಾಡಿಗಳ ಗಾಲಿಗಳೇ ಒಕ್ಕಣೆ ಮಾಡಿ ಕಾಳು ಬಿಡಿಸಿಕೊಡುತ್ತವೆ. ಹಾಸಬಾರದು ಎಂದು ಪೊಲೀಸರು ಹೇಳುತ್ತಲೇ ಇರುತ್ತಾರೆ, ರೈತರು ಹಾಸುತ್ತಲೇ ಇರುತ್ತಾರೆ. ನಾನು ವೇಗ ಇಳಿಸಿ ಜೋರಾಗಿ ಹೇಳತೊಡಗಿದೆ. "ಬಲಕ್ಕ ರಾಶಿ ಐತ್ರಿ. ಎದರಿಂದ ಬರಾಂವ ಕಲ್ಲ ತಪ್ಪಸಾಕ ನನ್ನ ಕಡಿಗೆ ಬರತಾನ."

"ಹಾದಿ ಎಲ್ಲಿ?"

"ಎಡಕ್ಕ ಐತ್ರಿ, ಬಯಲ." ಅಂದೆ. ಮತ್ತೆ ನೋಡಿದೆ. "ಇಲ್ರಿ. ಮಂದಿ ಕುಂತಾರ."

ಜಾಲಿಗಿಡದ ನೆರಳಲ್ಲಿ, ಡಾಂಬರಿನ ಅಂಚಿಗೇ, ರಾಶಿ ಮಾಡುತ್ತಿದ್ದ ಹೆಣ್ಣುಮಕ್ಕಳು ಬುತ್ತಿ ಬಿಚ್ಚಿ ಕುಳಿತಿದ್ದರು. ನಾನು ಗಾಡಿ ನಿಲ್ಲಿಸಿಬಿಟ್ಟೆ. ಎದುರಿನ ಟೆಂಪೋ ನಾನು ಹೇಳಿದಂತೆಯೇ ನನ್ನ ಕಡೆಗೆ ಬಂದು, ಮಧ್ಯೆ ಬೇಕಾದಷ್ಟು ಜಾಗವಿದ್ದುದರಿಂದ ತನ್ನ ಕಡೆಗೆ ಮರಳಿ ಹೋಯಿತು. ಹಿರಿಯರ ಮುಖ ನೋಡಿದೆ, ನನಗೆ ಹೊಳೆದದ್ದು ಅವರಿಗೂ ಆಗಲೇ ಹೊಳೆದಿತ್ತು. ನಾನು ಇಳಿದು ಹೋದೆ.

ಒಬ್ಬ ಹೆಣ್ಣುಮಗಳು ಎದ್ದು ಬಂದಳು. ಬೈಯಲು ಬಂದೆವೆಂದುಕೊಂಡಿರಬೇಕು. ಕಾರಿನ ಮೇಲಿನ ಸ್ಕೂಲಿನ ಬೋರ್ಡು ನೋಡಿ ಅದರ ಕಡೆಗೆ ಕೈ ಮಾಡಿದಳು.

"ಹೋದ ಸುಗ್ಗ್ಯಾಗ ಇಂಥಾದ್ದ ಬೋರ್ಡಿನ ಗಾಡಿರಿ ಅದು" ಎಂದಳು. "ನಾವು ಇಲ್ಲೇ ಕುಂತಿದ್ವಿ. ಲಾರಿ ಬಂತು, ಆ ಗಾಡಿ ನಿಂತಬಿಡ್ತು. ಒಳಗಿನಾಂವ ನಮ್ಮ ಕಡೆ ನೋಡಿದ್ರಿ. ಗಾಲಿ ತಿರುವಾಕ ಹತ್ತಿದ್ದ, ನಮ್ಮನ್ನ ನೋಡಿ ತಿರುವೂದ ಬಿಟ್ಟ. ನನ್ನ ತೊಡಿ ಮ್ಯಾಲ ಕೂಸಿತ್ತು."

"ಯಾರಿಗೂ ಹೇಳಲಿಲ್ಲೇನು?"

"ರಾಶಿ ನಮ್ದಲ್ಲೇನ್ರಿ. ಪೊಲೀಸ್ರ ಬರೂದ್ರಾಗ ಎತ್ತಿಬಿಟ್ವಿ. ಅಂಜಿಕಿ ಆತು." ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ನಿಮಗ ಏನಾಗಬೇಕ್ರಿ ಅವ್ರು?"

ಏನೂ ಆಗಬೇಕಿಲ್ಲ ಎಂದೆ. ಯಾಕೆ ಹಾಗೆಂದೆನೋ ಗೊತ್ತಿಲ್ಲ. ಅವಳ ಹಿಂದೆ ಒಂದು ಮಗು ತಪ್ಪು ಹೆಜ್ಜೆ ಹಾಕುತ್ತ ಹೆಸರಿನ ಕಾಯಿ ಬಾಯಿಗಿಟ್ಟುಕೊಳ್ಳುತ್ತಿತ್ತು. ಅದನ್ನು ನೋಡಿ ನನಗೆ ಪ್ರೀತಿಯೂ ಬರಲಿಲ್ಲ, ಸಿಟ್ಟೂ ಬರಲಿಲ್ಲ. ರಸ್ತೆಯಿಂದ ದೂರ ಕುಂಡ್ರಿ ಎಂದಷ್ಟೇ ಹೇಳಿ ಬಂದೆ.

ಆ ಸಂಜೆ ಭಾವನ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು "ತಮ್ಮ ಎಚ್ಚರ ಇದ್ದ ಹಂಗಾರ" ಎಂದು ಗೋಡೆಗೆ ತಲೆ ಆನಿಸಿ ಅತ್ತರು. ನಾಳೆ ಪೇಟೆಗೆಲ್ಲ ತಾನೇ ಹೇಳುತ್ತೇನೆ ಎಂದರು. ಹೇಳಿದರು ಕೂಡ. ನನಗೆ ಬೇಕಾಗಿದ್ದುದು ಸಿಕ್ಕಿತು.

ಮನೆಗೆ ಬಂದು ದೀಪ ಹಾಕದೆ ಕೂತೆ. ಆಗ ಸಿಟ್ಟು ಬಂತು, ಅಷ್ಟು ದಿನಗಳಲ್ಲಿ ಮೊದಲ ಸಲ. ನನ್ನ ಮೇಲೇ ಬಂತು. ಇಡೀ ವರ್ಷ ಅವರು ಎಚ್ಚರ ಇದ್ದಿರಲಿ ಎಂದು ಬೇಡಿಕೊಂಡಿದ್ದೆನಲ್ಲ. ತೂಕಡಿಸಿದ್ದರೆ ಆ ಲಾರಿ ಮೈಮೇಲೆ ಬರುವುದು ಅವರ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.